ಜೀನು ಹಾಕುವಾಗ ಕಿವಿ ಹಿಂದೆ, ಬಿಚ್ಚಿದ ಮೇಲೆ ಆಕಳಿಕೆ: ಕುದುರೆ ಏನು ಹೇಳುತ್ತಿದೆ?

ಯಲಹಂಕದ ಅಮ್ಮ: ಮಗಳಿಗೆ 11 ವರ್ಷ. ನಾಲ್ಕು ತಿಂಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಅವಳಿಗೆ ಕೊಡುವ ಹೆಣ್ಣುಕುದುರೆ ಜೀನು ಹಾಕುವಾಗ ಕಿವಿ ಹಿಂದಕ್ಕೆ ಒತ್ತಿಕೊಳ್ಳುತ್ತದೆ, ಬಾಲ ಬೀಸುತ್ತದೆ. ಜೀನು ತೆಗೆದ ಮೇಲೆ ಐದಾರು ಸಲ ಆಕಳಿಸುತ್ತದೆ. ಕೇಳಿದರೆ "ಸೋಮಾರಿ, ನಿದ್ದೆ ಬಂದಿದೆ ಅಷ್ಟೆ" ಅನ್ನುತ್ತಾರೆ. ನಿಜವಾ? ಮಗಳನ್ನು ಕೂರಿಸಬಹುದಾ?

ಪುಣೆಯಿಂದ, ಎರಡು ವರ್ಷದ ಸವಾರ: ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದು ಇದು. ಕಿವಿ ಹಿಂದೆ ಹೋದರೆ ಸಿಟ್ಟು, ಮುಂದೆ ಬಂದರೆ ಖುಷಿ. ಬಾಲ ಬೀಸೋದು ನೊಣಕ್ಕೆ. ಆಕಳಿಕೆ ಬಂತು ಅಂದರೆ ಮೈ ಸಡಿಲ ಬಿಟ್ಟಿದೆ ಅಂತ, ಒಳ್ಳೆಯದೇ. ಜೀನು ಹಾಕುವಾಗ ಸ್ವಲ್ಪ ಸಿಟ್ಟು ತೋರಿಸದ ಕುದುರೆ ಎಲ್ಲಿದೆ? ತಲೆ ಕೆಡಿಸಿಕೊಳ್ಳಬೇಡಿ.

ಮೈಸೂರಿನ ಹಳೆ ಸವಾರ: ಅಮ್ಮಾ, ನಾನು ಪೊಲೀಸ್ ಅಶ್ವದಳದಲ್ಲಿ 20 ವರ್ಷಕ್ಕೂ ಜಾಸ್ತಿ ಇದ್ದವನು. ಪುಣೆಯವರು ಹೇಳಿದ್ದು ಅರ್ಧ ಸರಿ. ಕಿವಿ ಹಿಂದಕ್ಕೆ ಹೋಗೋದರಲ್ಲೇ ಎರಡು ಥರ ಇದೆ. ಸವಾರ ಮೇಲೆ ಕೂತಾಗ ಒಂದು ಕಿವಿಯೋ ಎರಡೂ ಕಿವಿಯೋ ಹಿಂದಕ್ಕೆ ತಿರುಗುತ್ತವೆ, ಆದರೆ ನೆಟ್ಟಗೇ ಇರುತ್ತವೆ. ಅದು ನಿಮ್ಮ ಮಾತು ಕೇಳಿಸಿಕೊಳ್ಳುವ ಕಿವಿ. ಇನ್ನೊಂದು ಕುತ್ತಿಗೆಗೆ ಚಪ್ಪಟೆಯಾಗಿ ಅಂಟಿಕೊಳ್ಳುವ ಕಿವಿ. ಪಕ್ಕದಿಂದ ನೋಡಿದರೆ ಕಿವಿ ಇದೆಯೋ ಇಲ್ಲವೋ ಅನ್ನಿಸಬೇಕು. ಅದರ ಜೊತೆ ಮೂಗಿನ ಹೊಳ್ಳೆ ಬಿಗಿಯಾಗಿ, ಕಣ್ಣಿನ ಮೇಲೆ ಸುಕ್ಕು ಬಿದ್ದಿದ್ದರೆ ಹತ್ತಿರ ಹೋಗಬೇಡಿ.

ಕಿವಿ ಮುಂದೆ ಬಂದರೆ ಖುಷಿ ಅನ್ನೋದೂ ಪೂರ್ತಿ ಸರಿಯಲ್ಲ. ಪೊದೆಯಲ್ಲಿ ಏನೋ ಸರಿದಾಡಿದರೂ ಕಿವಿ ಮುಂದಕ್ಕೇ ನೆಟ್ಟಿರುತ್ತದೆ. ಮರುಕ್ಷಣ ಪಕ್ಕಕ್ಕೆ ಹಾರುತ್ತದೆ.

ಬಾಲಕ್ಕೆ ಬಂದರೆ, ನೊಣಕ್ಕೆ ಬೀಸಿದ ಬಾಲ ನೊಣ ಕೂತ ಕಡೆಗೇ ಹೋಗುತ್ತದೆ. ಸಿಟ್ಟಿಗೋ ನೋವಿಗೋ ಬೀಸಿದ್ದು ಹಾಗಲ್ಲ. ನೀವು ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಎಳೆದ ಕ್ಷಣ, ಹಿಮ್ಮಡಿ ತಾಗಿಸಿದ ಕ್ಷಣ, ಚಾಟಿ ಹೊಡೆದ ಹಾಗೆ ಬೀಸುತ್ತದೆ. ಕೆಲವು ಸುತ್ತಲೂ ತಿರುಗಿಸುತ್ತವೆ. ನೊಣ ಇಲ್ಲದ ಚಳಿಯ ಬೆಳಿಗ್ಗೆಯೂ ಅದೇ ಹೊತ್ತಿಗೆ ಬೀಸಿದರೆ ನೊಣದ ಮೇಲೆ ಹಾಕೋ ಹಾಗಿಲ್ಲ.

ಹಾಸನದ ಡೈರಿಯವರು: ಬಾಲದ ಕಥೆ ನನ್ನ ಹತ್ತಿರ ಕೇಳಿ ಸಾರ್. ನಮ್ಮ ಒಂದು ಹಸು ಹಾಲು ಕರೆಯೋವಾಗ ಮುಖಕ್ಕೇ ಬಾಲದಲ್ಲಿ ಬಾರಿಸುತ್ತೆ. ಬೇವಿನ ಎಣ್ಣೆ ಹಚ್ಚಿದ ಮೇಲೆ ಕಡಿಮೆಯಾಯಿತು. ಮೇಡಂ, ನೀವೂ ಕುದುರೆಗೆ ಹಚ್ಚಿಸಿ ನೋಡಿ.

ಮೈಸೂರಿನ ಹಳೆ ಸವಾರ: ನೊಣವೇ ಆಗಿದ್ದರೆ ಹಚ್ಚಬಹುದಿತ್ತು ಗೌಡ್ರೇ. ಜೀನು ಕೂರುವ ಜಾಗಕ್ಕೆ ಮಾತ್ರ ಯಾವ ಎಣ್ಣೆಯೂ ಬೇಡ. ಎಣ್ಣೆಗೆ ಧೂಳು ಅಂಟಿ, ಬೆವರು ಸೇರಿ ಚರ್ಮ ಉಜ್ಜಿಹೋಗುತ್ತದೆ.

ಇನ್ನು ಆಕಳಿಕೆ. ನಮ್ಮ ಲಾಯದಲ್ಲೂ ಇಂಥದ್ದೇ ಒಂದು ಕಂದು ಗಂಡುಕುದುರೆ ಇತ್ತು. ಜೀನು ಹಾಕುವಾಗ ಕಚ್ಚಲು ಬರುತ್ತಿತ್ತು. ಕಡಿವಾಣ ತೆಗೆದ ತಕ್ಷಣ ಹಲ್ಲೆಲ್ಲಾ ಕಾಣೋ ಹಾಗೆ ಏಳೆಂಟು ಸಲ ಆಕಳಿಸೋದು. "ಕಳ್ಳ, ಕೆಲಸ ಅಂದರೆ ನಿದ್ದೆ" ಅಂತ ನಾವೂ ನಗುತ್ತಿದ್ದೆವು. ಆಮೇಲೆ ನಾನೇ ಮೂರು ದಿನ ಜೀನು ಹಾಕದೆ ನೋಡಿದೆ. ಬರೀ ಕೈಯಿಂದ ಪಟ್ಟಿ ಕೂರುವ ಜಾಗ ಒತ್ತಿದೆ. ಮುಂಗಾಲಿನ ಹಿಂದೆ, ಹೊಟ್ಟೆಯ ಕೆಳಗೆ ಕೈ ಹೋದ ಕೂಡಲೇ ಕಿವಿ ಚಪ್ಪಟೆ, ಬಾಲ ಒಂದೇ ಬೀಸು. ಬೆನ್ನು ಒತ್ತಿದರೆ ಏನೂ ಇಲ್ಲ. ಆಕಳಿಕೆಯೂ ಸವಾರಿ ಆದ ಮೇಲೆ ಮಾತ್ರ ಅಲ್ಲ, ಬೆಳಿಗ್ಗೆ ಮೇವಿನ ಬುಟ್ಟಿ ಕಾಣುವ ಮುಂಚೆಯೂ ಬರುತ್ತಿತ್ತು. ಇದು ನಿದ್ದೆಯಲ್ಲ ಅಂತ ಆಗ ಗೊತ್ತಾಯಿತು. ಡಾಕ್ಟರು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರು. ಹುಣ್ಣು ಇತ್ತು.

ಧಾರವಾಡದ ಪಶುವೈದ್ಯೆ: ಅಣ್ಣ ಹೇಳಿದ ಲಕ್ಷಣ ನಾನೂ ನೋಡಿದ್ದೇನೆ. ನಮ್ಮ ಹೊಟ್ಟೆಯಲ್ಲಿ ಊಟದ ಹೊತ್ತಿಗೆ ಆಮ್ಲ ಹೆಚ್ಚಾಗುತ್ತದೆ. ಕುದುರೆಯ ಹೊಟ್ಟೆಯಲ್ಲಿ ದಿನವಿಡೀ ಜಿನುಗುತ್ತಲೇ ಇರುತ್ತದೆ. ಬಯಲಲ್ಲಿ ಅದು ಹೆಚ್ಚು ಹೊತ್ತು ಮೇಯುತ್ತಲೇ ಇರುವ ಪ್ರಾಣಿ, ಹಾಗಾಗಿ ತೊಂದರೆಯಾಗದು. ಲಾಯದಲ್ಲಿ ಕಟ್ಟಿ ಎರಡೇ ಹೊತ್ತು ಹುರುಳಿ, ಬೂಸಾ ಕೊಟ್ಟರೆ ಮಧ್ಯೆ ಹೊಟ್ಟೆ ಖಾಲಿ. ಆ ಹೊತ್ತಿನಲ್ಲಿ ಓಡಿಸಿದರೆ ಆಮ್ಲ ಹೊಟ್ಟೆಯ ಮೇಲ್ಭಾಗಕ್ಕೆ ಎರಚುತ್ತದೆ. ಅಲ್ಲಿನ ಪದರಕ್ಕೆ ಆಮ್ಲ ತಡೆಯುವ ಶಕ್ತಿ ಕಡಿಮೆ. ಒಣಹುಲ್ಲಿಲ್ಲದೆ 6 ಗಂಟೆ ದಾಟಿದರೆ ಹುಣ್ಣಿನ ಅಪಾಯ ಜಾಸ್ತಿ.

ಆದರೆ ಆಕಳಿಸಿದ್ದೆಲ್ಲಾ ಹುಣ್ಣಲ್ಲ. ಕಡಿವಾಣ ತೆಗೆದಾಗ ದವಡೆ ಸಡಿಲಿಸಲು ಒಂದೆರಡು ಸಲ ಆಕಳಿಸುವುದು ಸಾಮಾನ್ಯ. ಹೆದರಿಕೆ ಇಳಿದಾಗಲೂ ಆಕಳಿಸುತ್ತವೆ. ಅದಕ್ಕೇ ಒಂದೇ ಸನ್ನೆ ನೋಡಿ ತೀರ್ಮಾನಕ್ಕೆ ಬರಬಾರದು. ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಜೊತೆಗಾರರು 2018ರಲ್ಲಿ ಸವಾರಿಯ ವೇಳೆ ಕಾಣುವ 24 ವರ್ತನೆಗಳ ಪಟ್ಟಿ ಪ್ರಕಟಿಸಿದರು. 5 ಸೆಕೆಂಡಿಗಿಂತ ಹೆಚ್ಚು ಕಿವಿ ಹಿಂದೆ ಇಡುವುದು, ಬಾಲ ಜೋರಾಗಿ ಬೀಸುತ್ತಲೇ ಇರುವುದು ಎರಡೂ ಅದರಲ್ಲಿವೆ. 24ರಲ್ಲಿ 8 ಅಥವಾ ಹೆಚ್ಚು ಕಂಡರೆ ಎಲ್ಲೋ ನೋವಿರುವ ಸಾಧ್ಯತೆ ಹೆಚ್ಚು. ಎಲ್ಲಿ ನೋವು ಅಂತ ಮಾತ್ರ ಪಟ್ಟಿ ಹೇಳುವುದಿಲ್ಲ. ಜೀನು ಒತ್ತಿರಬಹುದು, ಬೆನ್ನಿರಬಹುದು, ಕಾಲಿರಬಹುದು.

ಹುಬ್ಬಳ್ಳಿಯಿಂದ, ಕುದುರೆ ಸಾಕಿರುವವರು: ನನ್ನದು ಮಾರ್ವಾಡಿ. ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಬಂದವರೆಲ್ಲಾ "ಯಾವಾಗಲೂ ಕಿವಿ ಮುಂದೆ, ಎಷ್ಟು ಖುಷಿಯಾಗಿದೆ" ಅಂತಾರೆ! ತುದಿ ನೋಡಬೇಡಿ, ಬುಡ ನೋಡಿ. ಬುಡ ಯಾವ ಕಡೆ ತಿರುಗಿದೆ ಅನ್ನೋದೇ ಮುಖ್ಯ. ಅದು ನಿಂತಲ್ಲೇ ಕಿವಿ ಎರಡು ಪಕ್ಕಕ್ಕೆ ಜೋಲು ಬಿಟ್ಟು, ಹಿಂಗಾಲು ಒಂದನ್ನು ಸಡಿಲಿಸಿದರೆ ತೂಕಡಿಸುತ್ತಿದೆ ಅಂತ. ಕರೆದರೂ ಕಿವಿ ಏಳದೆ, ಮೇವು ಬಿಟ್ಟರೆ ಮಾತ್ರ ಭಯ.

ಪುಣೆಯಿಂದ: ಹಾಗಾದರೆ ಜೀನು ಹಾಕುವಾಗ ಕಿವಿ ಒತ್ತುವ ಕುದುರೆಗಳೆಲ್ಲಾ ನೋವಲ್ಲಿವೆಯಾ? ನಮ್ಮ ಕ್ಲಬ್ಬಲ್ಲಿ ಅರ್ಧಕ್ಕರ್ಧ ಹಾಗೇ ಇವೆ.

ಮೈಸೂರಿನ ಹಳೆ ಸವಾರ: ಅರ್ಧಕ್ಕರ್ಧ ಇವೆ ಅನ್ನೋದರಿಂದ ಅದು ಸರಿ ಅಂತಾಗಲ್ಲ ತಮ್ಮಾ. ಆದರೆ ಹಳೆ ನೋವಿನ ನೆನಪಿಗೇ ಕಿವಿ ಒತ್ತುವ ಕುದುರೆಗಳೂ ಇವೆ. ನಮ್ಮ ಕಂದು ಕುದುರೆಗೆ ಔಷಧಿ ನಾಲ್ಕು ವಾರ ಕೊಟ್ಟರು. ರಾತ್ರಿಗೂ ಒಣಹುಲ್ಲು, ಸವಾರಿಗೆ ಅರ್ಧ ಗಂಟೆ ಮುಂಚೆ ಎರಡು ಹಿಡಿ ಹುಲ್ಲು. ಕಚ್ಚೋದು ನಿಂತಿತು, ಆಕಳಿಕೆ ಒಂದೆರಡಕ್ಕೆ ಇಳಿಯಿತು. ಆದರೆ ಎಡಕ್ಕೆ ಓಟದ ತಿರುವಿನಲ್ಲಿ ಬಾಲ ಬೀಸೋದು ಹೋಗಲೇ ಇಲ್ಲ. ಜೀನು ಬದಲಿಸಿದೆವು, ನಾಲಬಂದಿಗೆ ಕಾಲು ತೋರಿಸಿದೆವು. ಅದರ ಕಾರಣ ಇವತ್ತಿಗೂ ಗೊತ್ತಿಲ್ಲ.

ಅಮ್ಮಾ, ನೀವು ಒಂದು ವಾರ ಬರೆದಿಡಿ. ಪಟ್ಟಿ ಎಳೆದಾಗ, ಹತ್ತಿದಾಗ, ಇಳಿದಾಗ, ಮೇವಿನ ಮುಂಚೆ ಕಿವಿ, ಬಾಲ ಏನು ಮಾಡಿದವು ಅಂತ. ಮಗಳಿಗೆ ಪಟ್ಟಿಯನ್ನು ಒಂದೇ ಸಲಕ್ಕೆ ಎಳೆಯಬೇಡ, ಮೂರು ಸಲಕ್ಕೆ ಒಂದೊಂದು ತೂತು ಬಿಗಿ ಮಾಡು ಅಂತ ಹೇಳಿ. ಕಿವಿ ಚಪ್ಪಟೆ ಆದಾಗ ಹಲ್ಲಿನ ಮುಂದೆಯೂ ಹಿಂಗಾಲಿನ ಹಿಂದೆಯೂ ನಿಲ್ಲೋದು ಬೇಡ.

ಯಲಹಂಕದ ಅಮ್ಮ: ಐದು ದಿನ ಬರೆದೆ. ಪಟ್ಟಿ ಎಳೆದಾಗ ಐದೂ ದಿನ ಕಿವಿ ಚಪ್ಪಟೆ. ಹತ್ತಿದ ಮೇಲೆ ಕಿವಿ ತಿರುಗುತ್ತದೆ, ಒತ್ತುವುದಿಲ್ಲ. ಮೇವಿನ ಮುಂಚೆ ಆಕಳಿಕೆ ಮೂರು ದಿನ. ಲಾಯದ ಹುಡುಗನನ್ನು ಕೇಳಿದೆ. ಸಂಜೆ 6ಕ್ಕೆ ಮೇವು, ಆಮೇಲೆ ಬೆಳಿಗ್ಗೆ 5ರವರೆಗೆ ಏನೂ ಇಲ್ಲವಂತೆ. ಮಾಲೀಕರಿಗೆ ಬರೆದಿದ್ದನ್ನು ತೋರಿಸಿದೆ. ರಾತ್ರಿ ಹುಲ್ಲು ಹಾಕಲು ಒಪ್ಪಿದ್ದಾರೆ. ಡಾಕ್ಟರನ್ನು ಕರೆಸಲು ಇನ್ನೂ ಹಿಂದೆಮುಂದೆ ನೋಡುತ್ತಿದ್ದಾರೆ. ಅಲ್ಲಿಯವರೆಗೆ ಮಗಳಿಗೆ ಬೇರೆ ಕುದುರೆ ಕೇಳಿದ್ದೇನೆ. ಅವಳು ಮುನಿಸಿಕೊಂಡಿದ್ದಾಳೆ.

ಧಾರವಾಡದ ಪಶುವೈದ್ಯೆ: ಕ್ಯಾಮೆರಾ ಹಾಕುವುದಾದರೆ ಮಾಲೀಕರಿಗೆ ಮೊದಲೇ ಹೇಳಿಡಿ, ಹಿಂದಿನ ರಾತ್ರಿಯಿಂದ ಉಪವಾಸ ಬೇಕು. ಸುಮಾರು 3 ಮೀಟರ್ ಉದ್ದದ ಕೊಳವೆ ಬೇಕಾಗುತ್ತದೆ, ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಫೋನ್ ಮಾಡಿ ವಿಚಾರಿಸಿಯೇ ಕರೆದುಕೊಂಡು ಹೋಗಿ.