ಮಕ್ಕಳ ಕೋಣೆಯಲ್ಲಿ ದೀಪಾವಳಿಯ ಆಕಾಶ: ಹೊಳೆಯುವ ನಕ್ಷತ್ರಗಳು ಬೇಗ ಮಂಕಾಗುವುದೇಕೆ?

ಪ್ರಶ್ನೆ (ಬನಶಂಕರಿಯಿಂದ ಒಬ್ಬ ತಾಯಿ): ಮೇಡಂ, ನಮಸ್ಕಾರ. ನಮ್ಮದು ಬಾಡಿಗೆ ಮನೆ. ಮಕ್ಕಳ ಕೋಣೆ 10 ಅಡಿಗೆ 11 ಅಡಿ ಇದ್ದು, ನಡುವೆ ಫ್ಯಾನ್ ಇದೆ. ಮಗಳಿಗೆ 5 ವರ್ಷ, ಮಗನಿಗೆ ಎರಡೂವರೆ. ದೀಪಾವಳಿಗೆಂದು ಚಾವಣಿಗೆ ರೇಡಿಯಂ ನಕ್ಷತ್ರಗಳನ್ನು ಅಂಟಿಸಿ, ಕಾಗದದ ಮಾಲೆ ಕಟ್ಟಿ, ಒಂದು ನೈಟ್ ಲ್ಯಾಂಪ್ ಹಾಕಬೇಕೆಂದಿದ್ದೇನೆ. ಪರೀಕ್ಷೆಗೆಂದು ಅಂಟಿಸಿದ ಹತ್ತು ನಕ್ಷತ್ರಗಳು ಹತ್ತೇ ನಿಮಿಷದಲ್ಲಿ ಮಂಕಾದವು. ಕಳಪೆ ಮಾಲು ಸಿಕ್ಕಿತೇ? ಲ್ಯಾಂಪ್ ಎಂಥದ್ದು ಕೊಳ್ಳಲಿ?

ಉತ್ತರ (ಒಳಾಂಗಣ ಬೆಳಕಿನ ವಿನ್ಯಾಸಕಿ, ಜಯನಗರ): ಮಾಲು ಕಳಪೆಯೆಂದು ಈಗಲೇ ತೀರ್ಮಾನಿಸಬೇಡಿ. ನಿಮ್ಮ ಕೋಣೆಯಲ್ಲಿ ಸಂಜೆ ಉರಿಯುವ ದೀಪ ಹಳದಿಯದೋ ಬಿಳಿಯದೋ, ಮೊದಲು ಅದನ್ನು ನೋಡಿ. ಈ ನಕ್ಷತ್ರಗಳಿಗೆ ಸ್ವಂತ ಬೆಳಕಿಲ್ಲ. ಬಿದ್ದ ಬೆಳಕನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಅವು ಚೆನ್ನಾಗಿ ಹಿಡಿಯುವುದು ಬೆಳಕಿನಲ್ಲಿರುವ ನೀಲಿ ಭಾಗವನ್ನು ಮತ್ತು ಅದರಾಚೆಯ ನೇರಳಾತೀತ ಭಾಗವನ್ನು. ವಾರ್ಮ್ ವೈಟ್ ಎಂದು ಮಾರುವ ಹಳದಿ ಎಲ್‌ಇಡಿಯಲ್ಲಿ ನೀಲಿ ಬಹಳ ಕಡಿಮೆ. ಆದ್ದರಿಂದ ಅದರ ಕೆಳಗೆ ಎರಡು ಗಂಟೆ ಇಟ್ಟರೂ ನಕ್ಷತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಅದೇ ಸಾಧಾರಣ ಬಿಳಿ ಟ್ಯೂಬ್‌ಲೈಟಿನ ಕೆಳಗಾದರೆ ಹತ್ತು ಹದಿನೈದು ನಿಮಿಷ ಸಾಕು.

ಕಳೆದ ವರ್ಷ ಬಸವನಗುಡಿಯ ಒಂದು ಮನೆಯಲ್ಲಿ ಇದೇ ದೂರಿತ್ತು. ಕೋಣೆಯ ಅಳತೆಯೂ ಹೆಚ್ಚುಕಡಿಮೆ ನಿಮ್ಮದರಷ್ಟೇ. ಫಾಲ್ಸ್ ಸೀಲಿಂಗಿನಲ್ಲಿ ನಾಲ್ಕು ಹಳದಿ ದೀಪಗಳಿದ್ದವು, ನಕ್ಷತ್ರಗಳನ್ನು ಆ ದೀಪಗಳ ಪಕ್ಕದಲ್ಲೇ ಅಂಟಿಸಿದ್ದರು. ದೀಪಗಳು ನೆಲದ ಕಡೆ ಮುಖಮಾಡಿದ್ದರಿಂದ ಚಾವಣಿಗೆ ನೇರವಾದ ಬೆಳಕು ಬೀಳುತ್ತಲೇ ಇರಲಿಲ್ಲ. ಇದು ಸಾಲದೆಂಬಂತೆ, ಸ್ವಿಚ್‌ಬೋರ್ಡಿನಲ್ಲಿ ಸಿಕ್ಕಿಸಿದ ನೀಲಿ ನೈಟ್ ಲ್ಯಾಂಪ್ ರಾತ್ರಿಯಿಡೀ ಚಾವಣಿಯತ್ತ ಬೆಳಕು ಚೆಲ್ಲುತ್ತಿತ್ತು. ನಕ್ಷತ್ರಗಳು ಹೊಳೆಯುತ್ತಿದ್ದರೂ ಆ ಬೆಳಕಿನ ಮುಂದೆ ಕಾಣುವಂತಿರಲಿಲ್ಲ. ನಾವು ಹೊಸ ನಕ್ಷತ್ರಗಳನ್ನು ಕೊಳ್ಳಲಿಲ್ಲ. ಮಲಗುವ ಮುನ್ನ ಹದಿನೈದು ನಿಮಿಷ ಬಿಳಿ ಬೆಳಕಿನ ಟೇಬಲ್ ಲ್ಯಾಂಪನ್ನು ಕಪಾಟಿನ ಮೇಲಿಟ್ಟು ಚಾವಣಿಯತ್ತ ತಿರುಗಿಸುವಂತೆ ಹೇಳಿದೆವು. ನೀಲಿ ಲ್ಯಾಂಪನ್ನು ತೆಗೆದು, ಜೇನಿನ ಬಣ್ಣದ ಅರ್ಧ ವ್ಯಾಟಿನ ಎಲ್‌ಇಡಿಯೊಂದನ್ನು ಮಂಚದ ತಲೆಬದಿಯ ಹಿಂದೆ, ನೆಲದಿಂದ ಒಂದು ಅಡಿಯೊಳಗಿದ್ದ ಪ್ಲಗ್ಗಿಗೆ ಹಾಕಿದೆವು. ಮಗು ಎದ್ದು ಬಚ್ಚಲಿಗೆ ಹೋಗುವಷ್ಟು ಬೆಳಕು ನೆಲದಲ್ಲಿ ಉಳಿಯಿತು, ಚಾವಣಿ ಕತ್ತಲಾಯಿತು, ಹಳೆಯ ನಕ್ಷತ್ರಗಳೇ ಕಾಣತೊಡಗಿದವು.

ಇನ್ನೊಂದು ಸಂಗತಿಯಿದೆ. ನಕ್ಷತ್ರದ ಹೊಳಪು ಮೊದಲ ಹತ್ತು ನಿಮಿಷದಲ್ಲಿ ಬಹಳ ವೇಗವಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನೀವು ಹತ್ತನೆಯ ನಿಮಿಷದಲ್ಲಿ ನೋಡಿ ಕೈಬಿಟ್ಟಿದ್ದೀರಿ. ಇವತ್ತು ಮೊಬೈಲ್ ಹೊರಗಿಟ್ಟು ಅರ್ಧ ಗಂಟೆ ಕತ್ತಲಲ್ಲಿ ಕುಳಿತು ನೋಡಿ.

ಪ್ರತಿಕ್ರಿಯೆ (ಯಲಹಂಕದ ತಂದೆ): ನಾನು ಯುವಿ ಟಾರ್ಚ್ ತರಿಸಿಕೊಂಡಿದ್ದೇನೆ. ಹತ್ತು ಸೆಕೆಂಡಿನಲ್ಲಿ ನಕ್ಷತ್ರಗಳು ಧಗಧಗಿಸುತ್ತವೆ, ನನ್ನ ಮಗನೇ ದಿನವೂ ಹಿಡಿಯುತ್ತಾನೆ. ಟ್ಯೂಬ್‌ಲೈಟಿಗಾಗಿ ಕಾಯುವುದೇಕೆ? ಅಂದಹಾಗೆ, ರೇಡಿಯಂ ಎಂದರೆ ವಿಕಿರಣ ಅಲ್ಲವೇ? ಮಲಗುವ ಕೋಣೆಗೆ ಅದು ಬೇಡವೆಂದು ನಮ್ಮ ಮಾವನವರು ಹೇಳುತ್ತಾರೆ.

ಉತ್ತರ (ವಿನ್ಯಾಸಕಿ): ಯುವಿ ಟಾರ್ಚಿನಿಂದ ನಕ್ಷತ್ರ ಬೇಗ ತುಂಬುತ್ತದೆ ಎಂಬುದು ನಿಜ. ಆದರೆ ಆ ಕಿರಣದ ಬಹುಭಾಗ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮಗು ಅದನ್ನು ನೇರವಾಗಿ ನೋಡಿದರೂ ರೆಪ್ಪೆ ಮುಚ್ಚಬೇಕೆಂದು ಅನ್ನಿಸುವುದಿಲ್ಲ. ಅಪಾಯವಿರುವುದು ಅಲ್ಲೇ. ದಯವಿಟ್ಟು ಅದನ್ನು ಮಗನ ಕೈಗೆ ಕೊಡಬೇಡಿ. ಮೊಬೈಲಿನ ಬಿಳಿ ಟಾರ್ಚನ್ನು ಒಂದೊಂದು ನಕ್ಷತ್ರಕ್ಕೆ ಹತ್ತಿರ ಹಿಡಿದರೆ ಒಂದು ನಿಮಿಷದೊಳಗೆ ಅದೇ ಕೆಲಸವಾಗುತ್ತದೆ.

ರೇಡಿಯಂ ಎಂಬುದು ನಮ್ಮ ಕಡೆ ಬಾಯಲ್ಲಿ ಉಳಿದುಬಂದ ಹೆಸರು. ಹಿಂದೆ ಗಡಿಯಾರದ ಮುಳ್ಳುಗಳಿಗೆ ನಿಜವಾದ ರೇಡಿಯಂ ಬಳಿಯುತ್ತಿದ್ದರು. ಇಂದಿನ ನಕ್ಷತ್ರಗಳಲ್ಲಿ ಅದಿಲ್ಲ. ಹಳೆಯ ಬಗೆಯವುಗಳಲ್ಲಿ ಜಿಂಕ್ ಸಲ್ಫೈಡ್, ಹೊಸ ಬಗೆಯವುಗಳಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ಪುಡಿ ಇರುತ್ತದೆ. ಮೊದಲನೆಯದು ಅರ್ಧ ಗಂಟೆಯ ಆಸುಪಾಸಿನಲ್ಲಿ ಸೋಲುತ್ತದೆ, ಎರಡನೆಯದು ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಹಲವು ಗಂಟೆ ಕಾಣುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಎರಡು ಬಗೆಯ ನಕ್ಷತ್ರಗಳನ್ನು ಟ್ಯೂಬ್‌ಲೈಟಿನ ಹತ್ತಿರ ಒಂದು ನಿಮಿಷ ಹಿಡಿದು ಜೇಬಿಗೆ ಹಾಕಿಕೊಳ್ಳಿ. ಉಳಿದ ಸಾಮಾನು ಆರಿಸಿ ಮುಗಿದ ಮೇಲೆ, ಹತ್ತು ನಿಮಿಷ ಕಳೆದಿರುವಾಗ, ಬೊಗಸೆಯೊಳಗೆ ಕಣ್ಣಿಟ್ಟು ನೋಡಿ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಪ್ರತಿಕ್ರಿಯೆ (ಮಲ್ಲೇಶ್ವರದ ಹಿರಿಯರು): ನಮ್ಮ ಬಾಲ್ಕನಿಯ ಆಕಾಶಬುಟ್ಟಿಗೆ ಜೀರೋ ಬಲ್ಬ್ ಹಾಕಿದ್ದೆವು. ಎರಡನೆಯ ದಿನ ಮೇಲಿನ ಕಾಗದ ಕಂದು ಬಣ್ಣಕ್ಕೆ ತಿರುಗಿತು. ಮಳೆಯಿಂದ ಹೀಗಾಯಿತೇ?

ಉತ್ತರ (ವಿನ್ಯಾಸಕಿ): ಅಲ್ಲ ಸರ್, ಅದು ಬಲ್ಬಿನ ಕಾವು. ಜೀರೋ ಎಂಬುದು ಹೆಸರಿಗಷ್ಟೇ. ಹಳೆಯ ಫಿಲಮೆಂಟ್ ಬಲ್ಬು ಹನ್ನೆರಡರಿಂದ ಹದಿನೈದು ವ್ಯಾಟ್ ಎಳೆಯುತ್ತದೆ, ಅದರಲ್ಲಿ ಬಹುಪಾಲು ಶಾಖವಾಗಿ ಹೊರಬರುತ್ತದೆ. ಕಾಗದ ಕಂದಾಗುವುದು ಹೊತ್ತಿಕೊಳ್ಳುವ ಮೊದಲಿನ ಎಚ್ಚರಿಕೆ. ಈಗಲೇ ತೆಗೆದು ಅರ್ಧ ವ್ಯಾಟಿನ ಎಲ್‌ಇಡಿ ಹಾಕಿ. ಮಕ್ಕಳ ಕೋಣೆಯಲ್ಲೂ ಇದೇ ಮಾತು: ಒಂದು ಗಂಟೆ ಉರಿದ ಮೇಲೆ ಮುಂಗೈಯ ಹಿಂಬದಿಯಿಂದ ಮುಟ್ಟಿದಾಗ ಬಿಸಿ ಎನ್ನಿಸುವ ಯಾವ ದೀಪದ ಹತ್ತಿರವೂ ಕಾಗದ ಇರಬಾರದು.

ಪ್ರಶ್ನೆ ಕೇಳಿದ ತಾಯಿ: ನಮ್ಮ ಕೋಣೆಯ ದೀಪ ಹಳದಿಯದೇ, ಮೇಡಂ. ಕಾಗದದ ಮಾಲೆಯನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಕಟ್ಟಿ, ಅದರ ಜೊತೆಗೆ ಚಿಕ್ಕಪೇಟೆಯಿಂದ ತಂದ ಸೀರಿಯಲ್ ಸೆಟ್ ಸುತ್ತಬಹುದೇ?

ಉತ್ತರ (ವಿನ್ಯಾಸಕಿ): ಮೂಲೆಯಿಂದ ಮೂಲೆಗೆ ಕಟ್ಟಬೇಡಿ. ನಿಮ್ಮ ಫ್ಯಾನು ಸಾಮಾನ್ಯ 48 ಇಂಚಿನದ್ದಾದರೆ ಅದರ ರೆಕ್ಕೆ ನಡುಕಂಬಿಯಿಂದ ಎರಡು ಅಡಿವರೆಗೆ ಚಾಚುತ್ತದೆ. ಗಾಳಿಗೆ ಮಾಲೆ ತೂಗಿ ಸಿಕ್ಕಿಕೊಳ್ಳದಿರಲು ಇನ್ನೂ ಎರಡು ಅಡಿ ಬಿಡಬೇಕು. 10 ಅಡಿ ಅಗಲದ ಕೋಣೆಯಲ್ಲಿ ನಡುವಿನಿಂದ ಗೋಡೆಗೆ ಇರುವುದೇ ಐದು ಅಡಿ. ಅಂದರೆ ಗೋಡೆಯ ಪಕ್ಕದ ಒಂದು ಅಡಿಯಷ್ಟೇ ನಿಮ್ಮದು. ಮಾಲೆಯನ್ನು ಗೋಡೆಗುಂಟ, ಏಳು ಅಡಿ ಎತ್ತರದಲ್ಲಿ ಕಟ್ಟಿ. ಮಂಚದ ನೇರ ಮೇಲಿನ ಗೋಡೆಯನ್ನು ಬಿಟ್ಟುಬಿಡಿ.

ಮಾಲೆಗೆ ದಾರ ಪೋಣಿಸುವುದಕ್ಕಿಂತ, ಬಣ್ಣದ ಕಾಗದದ ಪಟ್ಟಿಗಳನ್ನು ಒಂದರೊಳಗೊಂದು ಬಳೆಯಂತೆ ಅಂಟಿಸುವ ಸರಪಳಿಯೇ ನಿಮ್ಮ ಮನೆಗೆ ಸರಿ. ಎರಡೂವರೆ ವರ್ಷದ ಮಗ ಜಗ್ಗಿದರೆ ಕಾಗದ ಹರಿದು ಕೈಗೆ ಬರುತ್ತದೆ. ದಾರವಾದರೆ ಹರಿಯುವುದಿಲ್ಲ, ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಇದನ್ನು ನಾನು ಅಲಂಕಾರಕ್ಕಿಂತ ಮೊದಲು ನೋಡುತ್ತೇನೆ. ಪಟ್ಟಿ ಒಂದು ಇಂಚು ಅಗಲ, ಆರು ಇಂಚು ಉದ್ದ ಇರಲಿ. ಅಂಟಿಸುವ ಕೆಲಸವನ್ನು ನಿಮ್ಮ ಮಗಳೇ ಮಾಡುತ್ತಾಳೆ.

ಸೀರಿಯಲ್ ಸೆಟ್ ಬಾಗಿಲಾಚೆಯೇ ಇರಲಿ. ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಅಗ್ಗದ ಸೆಟ್ಟಿನ ಬಲ್ಬುಗಳು ಚಿಕ್ಕವಾದರೂ ಆ ತೆಳುತಂತಿಯಲ್ಲಿ ಹರಿಯುವುದು 230 ವೋಲ್ಟೇ. ಒಂದು ಬಲ್ಬು ಒಡೆದು ಕಂಬಿ ಹೊರಬಂದರೆ ಮಗು ಮುಟ್ಟುವುದು ಅದನ್ನೇ. ಮಿಣುಕು ಬೆಳಕು ಬೇಕೇ ಬೇಕೆಂದಿದ್ದರೆ 5 ವೋಲ್ಟಿನ ಯುಎಸ್‌ಬಿ ಸರ ತೆಗೆದುಕೊಳ್ಳಿ; ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಇದೆಯೇ ಎಂದು ನೋಡಿ, ಅದರ ತಂತಿಯನ್ನೂ ಮಗನ ಕೈಗೆ ಎಟುಕದಂತೆ ಎತ್ತರದಲ್ಲಿಡಿ. ಬಟನ್ ಸೆಲ್ ಹಾಕುವ ಪುಟ್ಟ ದೀಪಗಳು, ಪ್ಲಾಸ್ಟಿಕ್ ಹಣತೆಗಳೂ ಸೇರಿ, ನಿಮ್ಮ ಮನೆಗೆ ಬೇಡವೇ ಬೇಡ. ಆ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ನುಂಗಿತೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಇದೇ ಕಾರಣಕ್ಕೆ ಉಬ್ಬಿದ ಪ್ಲಾಸ್ಟಿಕ್ ನಕ್ಷತ್ರಗಳ ಬದಲು ತೆಳುವಾದ ಸ್ಟಿಕ್ಕರ್ ನಕ್ಷತ್ರಗಳನ್ನು ಬಳಸಿ. ಉಬ್ಬಿದವು ಅಂಟು ಬಿಟ್ಟು ಹಾಸಿಗೆಗೆ ಬಿದ್ದರೆ ಮೊದಲು ಹೋಗುವುದು ಮಗನ ಬಾಯಿಗೆ.

ಪ್ರತಿಕ್ರಿಯೆ (ವಿಜಯನಗರದ ಅಜ್ಜಿ): ಇಷ್ಟೆಲ್ಲ ಮಾಡಿ ಕೋಣೆಯಲ್ಲಿ ಒಂದು ಮಣ್ಣಿನ ಹಣತೆ ಇಲ್ಲದಿದ್ದರೆ ಅದು ದೀಪಾವಳಿ ಹೇಗಾದೀತು, ತಾಯಿ? ರಾತ್ರಿಯಿಡೀ ದೀಪ ಉರಿಯಬೇಕೆಂಬುದೂ ನಮ್ಮ ಮನೆಯ ಪದ್ಧತಿ. ಮಕ್ಕಳಿಗೆ ಕತ್ತಲೆಯ ಭಯವೂ ಇರುವುದಿಲ್ಲ.

ಉತ್ತರ (ವಿನ್ಯಾಸಕಿ): ಅಜ್ಜಿ, ಹಣತೆ ಹೊಸ್ತಿಲ ಹೊರಗೆ ನೆಲದ ಮೇಲಿರಲಿ, ಅದರ ಮೇಲಿನ ಬಾಗಿಲಿಗೆ ಮಾತ್ರ ಕಾಗದದ ತೋರಣ ಇರದಿರಲಿ, ಎಚ್ಚರವಿರುವ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಮಲಗಿದ ಮೇಲೆ ಎಣ್ಣೆದೀಪ ಒಳಗೆ ಬೇಡ. ರಾತ್ರಿಯಿಡೀ ನೈಟ್ ಲ್ಯಾಂಪ್ ಬೇಕೇ ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿಲ್ಲ. ನಾನು ಕೆಲಸ ಮಾಡಿದ ಮನೆಗಳಲ್ಲಿ ಕೆಲವು ಮಕ್ಕಳು ದೀಪ ಆರಿದೊಡನೆ ಎದ್ದು ಕುಳಿತಿದ್ದಾರೆ, ಕೆಲವರು ಪೂರ್ಣ ಕತ್ತಲೆಯಲ್ಲೇ ಚೆನ್ನಾಗಿ ಮಲಗಿದ್ದಾರೆ. ಇಡುವುದಾದರೆ ಜೇನಿನ ಬಣ್ಣದ್ದೇ ಇರಲಿ. ನಿದ್ದೆಗೆ ನೀಲಿ ಬೆಳಕು ಹೆಚ್ಚು ಅಡ್ಡಿ.

ಪ್ರಶ್ನೆ ಕೇಳಿದ ತಾಯಿ (ಮೂರು ದಿನಗಳ ನಂತರ): ಬಿಳಿ ದೀಪದ ಉಪಾಯ ಫಲಿಸಿತು, ರಾತ್ರಿ ಹನ್ನೊಂದಕ್ಕೂ ನಕ್ಷತ್ರಗಳು ಕಂಡವು. ಆದರೆ ಒಂದನ್ನು ಕಿತ್ತಾಗ ಚಾವಣಿಯ ಡಿಸ್ಟೆಂಪರ್ ಕೂಡ ಕಿತ್ತುಬಂತು. ಮನೆಯ ಮಾಲೀಕರಿಗೆ ಏನು ಹೇಳಲಿ? ಇನ್ನೊಂದು: ಮಗಳು ಅಲ್ಲೊಂದು ಇಲ್ಲೊಂದು ಅಂಟಿಸುವ ಬದಲು ನಿಜವಾದ ಆಕಾಶ ಬೇಕೆನ್ನುತ್ತಾಳೆ.

ಉತ್ತರ (ವಿನ್ಯಾಸಕಿ): ಡಿಸ್ಟೆಂಪರಿಗೆ ನನ್ನ ಬಳಿಯೂ ಪೂರ್ತಿ ಪರಿಹಾರವಿಲ್ಲ. ಹೇರ್ ಡ್ರೈಯರಿನಿಂದ ಅಂಟನ್ನು ಬಿಸಿಮಾಡಿ ನಿಧಾನವಾಗಿ ಎಳೆದರೆ ಹಾನಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಉಳಿದ ನಕ್ಷತ್ರಗಳನ್ನು ಕಡುನೀಲಿ ಚಾರ್ಟ್ ಪೇಪರಿಗೆ ಅಂಟಿಸಿ, ಆ ಹಾಳೆಯ ಅಂಚುಗಳನ್ನಷ್ಟೇ ಮಾಸ್ಕಿಂಗ್ ಟೇಪಿನಿಂದ ಮಂಚದ ಎದುರಿನ ಗೋಡೆಗೆ ಹಚ್ಚಿ. ಫ್ಯಾನಿನ ರೆಕ್ಕೆಗಳ ಮರೆಯೂ ತಪ್ಪುತ್ತದೆ.

ಮಗಳ ಆಸೆಗೆ ಕಾರ್ತಿಕ ಮಾಸದ ಆಕಾಶವನ್ನೇ ಕೊಡಿ. ಒಂದು ಹಿಡಿಯಲ್ಲಿ ಮುಚ್ಚಬಹುದಾದಷ್ಟು ಒತ್ತಾಗಿ ಆರು ಚಿಕ್ಕ ನಕ್ಷತ್ರಗಳನ್ನಿಟ್ಟರೆ ಅದು ಕೃತ್ತಿಕೆ. ಅದರಿಂದ ಒಂದೂವರೆ ಗೇಣು ದೂರದಲ್ಲಿ ದೊಡ್ಡದೊಂದು, ಅದು ರೋಹಿಣಿ. ಅದೇ ಗೆರೆಯನ್ನು ಅದರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಮುಂದುವರಿಸಿದಲ್ಲಿ ಸಾಲಾಗಿ ಮೂರು, ಒರೈಯನ್ ಎಂಬ ಬೇಟೆಗಾರ ನಕ್ಷತ್ರಪುಂಜದ ನಡುಪಟ್ಟಿ. ಒಟ್ಟು ಹತ್ತೇ ನಕ್ಷತ್ರ, ನಿಮ್ಮಲ್ಲಿರುವಷ್ಟೇ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಅವಳನ್ನು ನಾಲ್ಕೂವರೆಗೆ ಎಬ್ಬಿಸುತ್ತೀರಲ್ಲ, ಮೋಡವಿಲ್ಲದಿದ್ದರೆ ಆಗ ಮಹಡಿಗೆ ಕರೆದೊಯ್ದು ಪಶ್ಚಿಮದ ಕಡೆ ತಿರುಗಿಸಿ. ಕೃತ್ತಿಕೆ, ರೋಹಿಣಿ ಎರಡೂ ನೆತ್ತಿಯಿಂದ ಆ ಕಡೆಗೆ ಇಳಿದಿರುತ್ತವೆ, ಗೋಡೆಯ ಹಾಳೆಯಲ್ಲಿದ್ದ ಅದೇ ಜೋಡಣೆಯಲ್ಲಿ.