ಕೂದಲು ಉದುರಿದ್ದಕ್ಕೆ ಎರಡನೇ ಡೋಸ್ ಬಿಡಬೇಕಾ?

ನಾಗರಾಜ: (ಫಾರ್ವರ್ಡ್) ಕೀಮೋ ಅಂದರೆ ವಿಷ!! ಕೂದಲು ಉದುರಿದರೆ ಇಡೀ ದೇಹ ಸಾಯುತ್ತಿದೆ ಎಂದರ್ಥ. ಪಪ್ಪಾಯ ಎಲೆ ರಸ ಕುಡಿಸಿ, ಕೌಂಟ್ ಏರುತ್ತೆ. 10 ಗುಂಪಿಗೆ ಕಳಿಸಿ 🙏

ನಾಗರಾಜ: ಅಕ್ಕನಿಗೆ ಇವತ್ತು ದಿಂಬಿನ ತುಂಬ ಕೂದಲಂತೆ. 24ಕ್ಕೆ ಎರಡನೇ ಡೋಸ್ ಬೇಡ ಅನ್ಸುತ್ತೆ ನನಗೆ.

ರೇಖಾ: ಮಾವ, ಅಮ್ಮನೂ ಇದೇ ಗುಂಪಲ್ಲಿದಾರೆ. ಸ್ವಲ್ಪ ನೋಡಿ ಕಳಿಸಿ.

ನಾಗರಾಜ: ಓದಲಿ ಬಿಡು, ಮುಚ್ಚಿಡೋದೇನಿದೆ? ಮೊದಲು ಬಾಯಿಹುಣ್ಣು, ಆಮೇಲೆ ಬಿಳಿ ರಕ್ತಕಣ ಇಳೀತು, ಈಗ ಕೂದಲು. ದಿನ ಹೋದಂಗೆ ಜಾಸ್ತಿ ಆಗ್ತಿದೆ ತಾನೇ?

ಕಾವ್ಯಾ: ಈಗ ಡ್ಯೂಟಿ ಮುಗೀತು. ಜಾಸ್ತಿ ಆಗ್ತಿಲ್ಲ ಮಾವ. 3ನೇ ತಾರೀಖು ಹಾಕಿದ ಮೊದಲ ಡೋಸ್‌ನ ಒಂದೇ ಏಟು ಮೂರು ಬೇರೆ ಬೇರೆ ದಿನ ಕಾಣಿಸ್ಕೊಳ್ತಿದೆ, ಅಷ್ಟೇ.

ಕಾವ್ಯಾ: ದೊಡ್ಡಮ್ಮನಿಗೆ ಹಾಕಿದ್ದು ಡಾಕ್ಸೊರುಬಿಸಿನ್ (ಆ ಕೆಂಪು ಔಷಧಿ) ಮತ್ತೆ ಸೈಕ್ಲೋಫಾಸ್ಫಮೈಡ್. ಎರಡೂ ಜೀವಕೋಶದ ಡಿಎನ್‌ಎ ಕೆಡಿಸ್ತವೆ. ಸುಮ್ಮನೆ ಕೂತಿರೋ ಕೋಶಕ್ಕೆ ಅದನ್ನ ಸರಿ ಮಾಡ್ಕೊಳ್ಳೋಕೆ ಟೈಮ್ ಇರುತ್ತೆ. ಎರಡಾಗೋಕೆ ಹೊರಟಿರೋ ಕೋಶ ಆ ಕೆಟ್ಟ ಡಿಎನ್‌ಎ ನಕಲು ಮಾಡೋಕೆ ಹೋಗಿ ಸಾಯುತ್ತೆ. ಕ್ಯಾನ್ಸರ್ ಕೋಶ ಸಿಕ್ಕಿಬೀಳೋದು ಹಾಗೇ. ಆದರೆ ಬಾಯಿ ಒಳಪದರ, ಮೂಳೆಮಜ್ಜೆ, ಕೂದಲ ಬುಡ ಇವೂ ದಿನಾ ಎರಡಾಗ್ತಾನೇ ಇರ್ತವೆ.

ಪ್ರಸನ್ನ: ಹಾಗಿದ್ರೆ ಮೊದಲೇ ಹೃದಯದ ಎಕೋ ಯಾಕೆ ಮಾಡಿಸಿದ್ರು? ಹೃದಯ ಎರಡಾಗಲ್ಲ ಅಲ್ವಾ ಅಕ್ಕ?

ಕಾವ್ಯಾ: ಒಳ್ಳೇ ಪ್ರಶ್ನೆ ಕಣೋ. ಕೆಂಪು ಔಷಧಿ ಹೃದಯಕ್ಕೆ ತೊಂದರೆ ಕೊಡೋ ದಾರಿನೇ ಬೇರೆ. ಅದಕ್ಕೇ ಜೀವಮಾನಕ್ಕೆ ಒಟ್ಟು ಇಷ್ಟೇ ಅಂತ ಮಿತಿ ಇಟ್ಟಿರ್ತಾರೆ. ಕೋಶ ಎರಡಾಗೋ ಕಥೆ ಒಂದರಲ್ಲೇ ಎಲ್ಲಾ ತೊಂದರೆಗೂ ಉತ್ತರ ಸಿಗಲ್ಲ.

ನಾಗರಾಜ: ಒಂದೇ ಏಟು ಅಂತೀಯ, ಮೂರು ತಾರೀಖು ಯಾಕೆ ಮತ್ತೆ?

ಕಾವ್ಯಾ: ಬಾಯಿ ಪದರ ಸವೆದು ಹೋಗ್ತಾನೇ ಇರುತ್ತೆ, ಕೆಳಗಿಂದ ಹೊಸದು ಬರಬೇಕು. ಬರೋದು ನಿಂತರೆ ವಾರದೊಳಗೆ ಹುಣ್ಣು. ಬಿಳಿ ಕಣಕ್ಕೆ ಮಜ್ಜೆಯಲ್ಲಿ ಒಂದಷ್ಟು ದಾಸ್ತಾನಿರುತ್ತೆ. ಅದು ಖಾಲಿಯಾಗಿ ತಳ ಮುಟ್ಟೋದು 10ರಿಂದ 14ನೇ ದಿನ. ಕೂದಲು ಬುಡದಲ್ಲಿ ಎಂದೋ ತೆಳ್ಳಗಾಗಿರುತ್ತೆ, ಆ ತೆಳು ಭಾಗ ಚರ್ಮದ ಮೇಲೆ ಬಂದು ತುಂಡಾಗೋಕೆ ಎರಡು ಮೂರು ವಾರ. ಕೆಂಪು ಕಣ ಸುಮಾರು 120 ದಿನ ಬಾಳುತ್ತೆ, ಅದಕ್ಕೇ ಹಿಮೋಗ್ಲೋಬಿನ್ ಇನ್ನೂ 10.8 ಇದೆ. ಅದು ನಿಧಾನಕ್ಕೆ ಇಳಿಯುತ್ತೆ.

ರೇಖಾ: 14ನೇ ತಾರೀಖಿನ ರಿಪೋರ್ಟ್ ನೋಡಿ ನನಗೆ ಕೈಕಾಲೇ ಆಡಲಿಲ್ಲ. ಬಿಳಿ ಕಣ ಬರೀ 1,900.

ಕಾವ್ಯಾ: ಅದರಲ್ಲಿ ನ್ಯೂಟ್ರೊಫಿಲ್ 35%. ಅಂದರೆ ಸೋಂಕಿನ ಜತೆ ಹೊಡೆದಾಡೋ ಕಣ 665. ಕಡಿಮೆನೇ. ಆದರೆ ಅವತ್ತು 12ನೇ ದಿನ, ತಳದಲ್ಲಿರೋ ಹೊತ್ತು. ಮಜ್ಜೆಯ ಮೂಲಕೋಶಗಳು ಹೆಚ್ಚು ಹೊತ್ತು ಮಲಗೇ ಇರೋದ್ರಿಂದ ಹೆಚ್ಚಿನವು ಉಳ್ಕೊಂಡಿರ್ತವೆ. ಅವೇ ಮತ್ತೆ ತುಂಬಿಸ್ತವೆ. ಎರಡು ಡೋಸ್ ನಡುವೆ 21 ದಿನ ಬಿಡೋದು ಅದಕ್ಕೇ. 23ಕ್ಕೆ ಮತ್ತೆ ರಕ್ತ ತಗೊಳ್ತಾರೆ. ಸಾಮಾನ್ಯವಾಗಿ ನ್ಯೂಟ್ರೊಫಿಲ್ 1,500 ದಾಟದಿದ್ರೆ ಡೋಸ್ ಅವರೇ ಮುಂದೂಡ್ತಾರೆ ಮಾವ, ನೀವು ಹೇಳೋದು ಬೇಕಿಲ್ಲ.

ನಾಗರಾಜ: ಪಪ್ಪಾಯ ಎಲೆ ಕುಡಿದ್ರೆ ನಷ್ಟ ಏನು? ನಮ್ಮ ಪಕ್ಕದ ಮನೆ ಹುಡುಗನಿಗೆ ಡೆಂಗ್ಯೂನಲ್ಲಿ ಏರಿತ್ತು.

ಕಾವ್ಯಾ: ಅವನಿಗೆ ಬಿದ್ದಿದ್ದು ಪ್ಲೇಟ್‌ಲೆಟ್. ದೊಡ್ಡಮ್ಮನ ಪ್ಲೇಟ್‌ಲೆಟ್ 1,60,000 ಇದೆ, ಏರಿಸೋಕೇನಿದೆ? ಬಾಯಲ್ಲಿ ಹುಣ್ಣು, ಕಣ ಕಡಿಮೆ, ಅಂಥ ಹೊತ್ತಲ್ಲಿ ಹಸಿ ಎಲೆ ಅರೆದ ರಸ ಕೊಟ್ಟರೆ ಸೋಂಕಿಗೆ ಬಾಗಿಲು ತೆಗೆದಂಗೆ.

ಪ್ರಸನ್ನ: ಇನ್ನೊಂದು. ನಮ್ಮ ಆಫೀಸಿನವರ ತಂದೆ ಕ್ಯಾಪೆಸಿಟಬಿನ್ ಮಾತ್ರೆ ತಗೊಂಡ್ರು, ಕೂದಲು ಹೋಗಲೇ ಇಲ್ಲ. ಅಂದ್ರೆ ಔಷಧಿ ನಾಟಲಿಲ್ವಾ?

ಕಾವ್ಯಾ: ಆ ಮಾತ್ರೆಯಲ್ಲಿ ಕೂದಲು ಹೋಗೋದೇ ಕಡಿಮೆ, ಅಂಗೈ ಅಂಗಾಲು ಸುಲಿಯುತ್ತೆ. ಕೂದಲು ನೋಡಿ ಕ್ಯಾನ್ಸರ್ ಅಳೆಯೋಕಾಗಲ್ಲ. ದೊಡ್ಡಮ್ಮನಿಗೆ ಆಪರೇಷನ್‌ಗೆ ಮೊದಲೇ ಕೀಮೋ ನಡೀತಿದೆ, ಹಾಗಾಗಿ ಗಡ್ಡೆ ಕುಗ್ಗಿದೆಯಾ ಅಂತ ಡಾಕ್ಟರು ಮುಟ್ಟಿ, ಸ್ಕ್ಯಾನ್ ಮಾಡಿ ನೋಡ್ತಾರೆ.

ಕಾವ್ಯಾ: ರೇಖಾ, ನನಗೆ ಭಯ ಇರೋದು ಒಂದಕ್ಕೇ, ಜ್ವರ. 100.4 ಮುಟ್ಟಿದ್ರೆ ರಾತ್ರಿ ಎರಡಾದ್ರೂ ಸರಿ, ಆಸ್ಪತ್ರೆಗೆ ಹೊರಡು. ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡ. ಕೀವು ಆಗೋದೇ ಆ ಬಿಳಿ ಕಣಗಳಿಂದ. ಅವಿಲ್ಲದಾಗ ಕೀವಿಲ್ಲ, ಊತ ಇಲ್ಲ, ಜ್ವರ ಒಂದೇ ಗುರುತು. ಅದನ್ನೂ ಮಾತ್ರೆ ಮುಚ್ಚಿಬಿಡುತ್ತೆ.

ಲಲಿತಮ್ಮ: ಎಲ್ಲಾ ಓದಿದೆ. ಹುಣ್ಣು ವಾಸಿ ಆಗ್ತಿದೆ, ಮಧ್ಯಾಹ್ನ ಸಾರನ್ನ ಉಂಡೆ. ಕೂದಲು ಕಸ ಗುಡಿಸಿ ಸಾಕಾಗಿದೆ, ನಾಳೆ ತೆಗೆಸಿಬಿಡ್ತೀನಿ.

ಕಾವ್ಯಾ: ಮಿಷನ್ ಹಾಕಿಸಿ ದೊಡ್ಡಮ್ಮ, ಬ್ಲೇಡ್ ಬೇಡ. ಗೀರಾದ್ರೆ ಕಷ್ಟ.

ಲಲಿತಮ್ಮ: ಹೂಂ. ನಾಗ, ನಾಳೆ ಬರ್ತೀಯಲ್ಲ, ಎಲೆ ತರಬೇಡ. ಥರ್ಮಾಮೀಟರ್ ತಗೊಂಡು ಬಾ, ಮನೇಲಿರೋದು ಒಡೆದಿದೆ.

ನಾಗರಾಜ: ಪಾದರಸದ್ದಾ, ಡಿಜಿಟಲ್ಲಾ?