ಅಪ್‌ಡೇಟ್: ಅಮ್ಮನ ತೊಡೆಯ ನಿಶ್ಶಕ್ತಿಗೆ ಕಾರಣ ಸಿಕ್ಕಿತು

ನನ್ನ ಪ್ರಶ್ನೆ: “ಅಮ್ಮನಿಗೆ 61 ವರ್ಷ. ನೆಲದಿಂದ ಏಳಲು, ತಲೆ ಬಾಚಲು ಆಗುತ್ತಿಲ್ಲ. ಲೋಟ ಹಿಡಿಯಲು ತೊಂದರೆಯಿಲ್ಲ. ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ ಸಿಕೆ 8,400, ಸಹಜಕ್ಕಿಂತ ಬಹಳ ಹೆಚ್ಚು. ಕೊಲೆಸ್ಟ್ರಾಲ್‌ಗೆ ಕೊಟ್ಟಿದ್ದ ಅಟೊರ್ವಾಸ್ಟಾಟಿನ್ ಎಂಬ ಸ್ಟಾಟಿನ್ ಮಾತ್ರೆ ನಿಲ್ಲಿಸಿ ಎರಡು ತಿಂಗಳಾದರೂ ಸುಧಾರಣೆಯಿಲ್ಲ.”

‘ಮಾತ್ರೆ ಬಿಟ್ಟರೂ ಸಿಕೆ ಇಳಿಯದಿದ್ದರೆ ಎಚ್‌ಎಂಜಿಸಿಆರ್ ಪ್ರತಿಕಾಯ ನೋಡಿಸಿ’ ಎಂದು ಉತ್ತರಿಸಿದವರ ಊಹೆಯೇ ನಿಜವಾಯಿತು. ಸ್ಟಾಟಿನ್ ತಡೆಯುವ ಕಿಣ್ವದ ವಿರುದ್ಧವೇ ದೇಹ ತಯಾರಿಸುವ ಪ್ರತಿಕಾಯ ಅದು. ವಿಟಮಿನ್ ಡಿ ಕೊಟ್ಟರೂ ಪ್ರಯೋಜನವಾಗಲಿಲ್ಲ, ಥೈರಾಯ್ಡ್ ಸರಿಯಾಗಿಯೇ ಇತ್ತು. ಸ್ನಾಯು ಉರಿಯೂತದ ಪ್ರತಿಕಾಯಗಳನ್ನು ಹುಡುಕಲು ಮೊದಲು ಮಾಡಿಸಿದ ಮಯೋಸೈಟಿಸ್ ಪ್ಯಾನೆಲ್ ನೆಗೆಟಿವ್ ಬಂದಾಗ ನಿರಾಳವಾಗಿಬಿಟ್ಟಿದ್ದೆವು. ಆ ಪಟ್ಟಿಯಲ್ಲಿ ಈ ಪ್ರತಿಕಾಯವೇ ಇರಲಿಲ್ಲ! ಪ್ರತ್ಯೇಕವಾಗಿ ಕೇಳಿ ಮಾಡಿಸಿದಾಗ ಪಾಸಿಟಿವ್.

ತೊಡೆಯ ಬಯಾಪ್ಸಿ ವರದಿಯಲ್ಲಿ ‘ಉರಿಯೂತದ ಕೋಶಗಳು ವಿರಳ’ ಎಂದು ಓದಿ ರೋಗವೇ ಇಲ್ಲವೆಂದುಕೊಂಡೆ. ಆದರೆ ಅಲ್ಲಲ್ಲಿ ಸತ್ತ ಸ್ನಾಯುತಂತುಗಳು, ಪಕ್ಕದಲ್ಲೇ ಮತ್ತೆ ಬೆಳೆಯುತ್ತಿರುವ ತಂತುಗಳು ಕಂಡಿದ್ದವು. ಇಮ್ಯೂನ್ ನೆಕ್ರೋಟೈಸಿಂಗ್ ಮಯೋಪತಿ ಎಂಬ ಸ್ನಾಯುರೋಗದ ಚಹರೆಯೇ ಅದು ಎಂದು ರುಮಟಾಲಜಿ ವೈದ್ಯರು ವಿವರಿಸಿದರು. ಸ್ಟಾಟಿನ್ ಕಿಡಿ ಹೊತ್ತಿಸಿದೆ, ಈಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸ್ನಾಯುವನ್ನು ಸುಡುತ್ತಿದೆ. ಆದ್ದರಿಂದ ಮಾತ್ರೆ ಬಿಟ್ಟರಷ್ಟೇ ಸಾಲದು.

ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಪ್ರೆಡ್ನಿಸೊಲೋನ್, ವಾರಕ್ಕೊಮ್ಮೆ ಮಾತ್ರ ಮೆಥೊಟ್ರೆಕ್ಸೇಟ್, ಜೊತೆಗೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವ ಐವಿಐಜಿ ಶುರುವಾಗಿದೆ. ಐದು ವಾರಗಳಲ್ಲಿ ಸಿಕೆ 2,100ಕ್ಕೆ ಇಳಿದಿದೆ. ಬಲ ಮಾತ್ರ ನಿಧಾನ: ಕುರ್ಚಿಯ ಕೈ ಹಿಡಿದು ಏಳುತ್ತಾರೆ, ನೆಲದಿಂದ ಇನ್ನೂ ಇಲ್ಲ. ಸ್ಟಾಟಿನ್ ಅವರಿಗೆ ಇನ್ನೆಂದೂ ಕೊಡುವಂತಿಲ್ಲ.

ಇನ್ನೊಂದು ಅಚ್ಚರಿ. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಏರಿದ್ದಕ್ಕೆ ತಿಂಗಳುಗಟ್ಟಲೆ ಯಕೃತ್ತಿಗೆ ಔಷಧ ನುಂಗಿಸಿದ್ದೆವು. ಆದರೆ ಸ್ನಾಯುವಿನಿಂದ ಬಾರದ, ಯಕೃತ್ತಿನ ತೊಂದರೆಯಲ್ಲಿ ಏರುವ ಜಿಜಿಟಿ ಸಹಜವಾಗಿತ್ತು, ಆ ಕಿಣ್ವಗಳು ಬರುತ್ತಿದ್ದುದು ಸ್ನಾಯುವಿನಿಂದ.